ದಯೆಗೆ ಐದು ನಿಮಿಷದ ಭಾಷಣ ಸಾಲದು: ಬೆಂಗಳೂರಿನ ಶಾಲಾ ಮುಖ್ಯ ಶಿಕ್ಷಕರಿಗೆ ಬಹಿರಂಗ ಪತ್ರ

ಬೆಂಗಳೂರಿನ ಸರ್ಕಾರಿ, ಅನುದಾನಿತ ಮತ್ತು ಖಾಸಗಿ ಶಾಲೆಗಳ ಮುಖ್ಯ ಶಿಕ್ಷಕರಿಗೆ,

ನಮಸ್ಕಾರಗಳು.

ನವೆಂಬರ್ 13 ವಿಶ್ವ ದಯಾ ದಿನ. ಮರುದಿನವೇ ಮಕ್ಕಳ ದಿನಾಚರಣೆ. ಆ ವಾರ ನಿಮ್ಮ ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆ, ಸುದ್ದಿ ವಾಚನ ಮುಗಿದ ಮೇಲೆ ಎಂಟನೆಯ ತರಗತಿಯ ಹುಡುಗನೋ ಹುಡುಗಿಯೋ ಮುಂದೆ ಬಂದು, ಸಣ್ಣ ಸಣ್ಣ ಸಹಾಯಗಳು ಸಮಾಜವನ್ನು ಹೇಗೆ ಕಟ್ಟುತ್ತವೆ ಎಂದು ಮಾತನಾಡುವುದು ರೂಢಿ. ಆ ಭಾಷಣವನ್ನು ಹಿಂದಿನ ಸಂಜೆ ಕನ್ನಡ ಶಿಕ್ಷಕರೊಬ್ಬರು ಬರೆದುಕೊಟ್ಟಿರುತ್ತಾರೆ. ಅನೇಕ ವರ್ಷ ಹಾಗೆ ಬರೆದುಕೊಟ್ಟವಳು ನಾನು. ಈಗ ನಿವೃತ್ತಳಾಗಿದ್ದೇನೆ. ಆ ಭಾಷಣದ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದು ಮುಗಿದ ಮೇಲೆ ಶಾಲೆಯಲ್ಲಿ ಏನು ನಡೆಯುತ್ತದೆ ಎಂಬುದರ ಬಗ್ಗೆ, ನಿಮ್ಮ ಮುಂದೆ ಕೆಲವು ಮಾತುಗಳನ್ನು ಇಡಬೇಕಾಗಿದೆ. ಪಾಲಕರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಹಳೆಯ ಪ್ರಯೋಗದ ವಿಷಯ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುವವರ ಕಾಲೇಜೊಂದಿದೆ. ಅಲ್ಲಿನ 40 ವಿದ್ಯಾರ್ಥಿಗಳ ಮೇಲೆ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ನಡೆಸಿದ ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಒಬ್ಬೊಬ್ಬ ವಿದ್ಯಾರ್ಥಿಯನ್ನೂ ಒಂದು ಕಟ್ಟಡಕ್ಕೆ ಕರೆಸಿ, ಪಕ್ಕದ ಇನ್ನೊಂದು ಕಟ್ಟಡಕ್ಕೆ ಹೋಗಿ ಪುಟ್ಟ ಭಾಷಣ ಮಾಡಬೇಕೆಂದು ಹೇಳಿದರು. ಅರ್ಧ ಮಂದಿಗೆ ಕೊಟ್ಟ ವಿಷಯ ಬೈಬಲ್ಲಿನ ಒಂದು ಕಥೆ: ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಧರ್ಮಗುರುಗಳು ಕಂಡೂ ಕಾಣದಂತೆ ದಾಟಿಹೋಗುತ್ತಾರೆ, ಎಲ್ಲರೂ ಕೀಳಾಗಿ ಕಾಣುತ್ತಿದ್ದ ಪರ ಊರಿನವನೊಬ್ಬ ನಿಂತು ಕಾಪಾಡುತ್ತಾನೆ. ಉಳಿದ ಅರ್ಧ ಮಂದಿಗೆ ಉದ್ಯೋಗದ ಕುರಿತು ಮಾತನಾಡುವ ವಿಷಯ. ಹೊರಡುವಾಗ ಕೆಲವರಿಗೆ 'ಇನ್ನೂ ಸಮಯವಿದೆ, ಆದರೂ ಹೊರಡಿ' ಎಂದೂ, ಕೆಲವರಿಗೆ 'ಸರಿಯಾದ ಸಮಯಕ್ಕೆ ಹೊರಟಿದ್ದೀರಿ' ಎಂದೂ, ಕೆಲವರಿಗೆ 'ಅಯ್ಯೋ, ತಡವಾಯಿತು, ಅಲ್ಲಿ ಆಗಲೇ ಕಾಯುತ್ತಿದ್ದಾರೆ' ಎಂದೂ ಹೇಳಿದರು. ಎರಡು ಕಟ್ಟಡಗಳ ನಡುವಿನ ಓಣಿಯಲ್ಲಿ ಒಬ್ಬ ಮನುಷ್ಯ ಬಾಗಿಲಿಗೆ ಒರಗಿ ಕುಸಿದು ಕುಳಿತಿದ್ದ. ವಿದ್ಯಾರ್ಥಿ ಹತ್ತಿರ ಬಂದಾಗ ಎರಡು ಸಲ ಕೆಮ್ಮಿ ನರಳುತ್ತಿದ್ದ. ಅವನು ಸಂಶೋಧಕರೇ ಕೂರಿಸಿದ ಮನುಷ್ಯ. ಯಾರು ನಿಲ್ಲುತ್ತಾರೆ, ಯಾರು ನಿಲ್ಲುವುದಿಲ್ಲ ಎಂದು ನೋಡುವುದೇ ಪ್ರಯೋಗ.

ಅವಸರವಿಲ್ಲದವರಲ್ಲಿ ನೂರಕ್ಕೆ 63 ಮಂದಿ ಒಂದಲ್ಲ ಒಂದು ರೀತಿಯಲ್ಲಿ ನೆರವಾದರು. ಮಧ್ಯದ ಗುಂಪಿನಲ್ಲಿ 45. ತಡವಾಯಿತೆಂದು ಹೇಳಿಸಿಕೊಂಡವರಲ್ಲಿ ನೂರಕ್ಕೆ 10 ಮಾತ್ರ. ಭಾಷಣದ ವಿಷಯ ದಯೆಯದ್ದೋ ಉದ್ಯೋಗದ್ದೋ ಎಂಬುದರಿಂದಲೂ ಸ್ವಲ್ಪ ವ್ಯತ್ಯಾಸ ಕಂಡಿತು. ಆದರೆ ಅಷ್ಟು ಕಡಿಮೆ ಜನರಲ್ಲಿ ಅದು ಆಕಸ್ಮಿಕವಲ್ಲ ಎಂದು ಹೇಳುವ ಮಟ್ಟಕ್ಕೆ ಏರಲಿಲ್ಲ. ಅವಸರದ ವ್ಯತ್ಯಾಸ ಮಾತ್ರ ಕಣ್ಣಿಗೆ ಹೊಡೆಯುವಂತಿತ್ತು. ಬಿದ್ದವನಿಗೆ ನೆರವಾದವನ ಕಥೆಯನ್ನೇ ಹೇಳಲು ಹೊರಟ ಕೆಲವರು ಕೂಡ ಆ ಮನುಷ್ಯನನ್ನು ದಾಟಿಯೇ ಹೋದರು.

ಅವರು ಕಟುಕರಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಸಂಶೋಧಕರೂ ಹಾಗೆ ಹೇಳಲಿಲ್ಲ. ಹಾಗೆ ದಾಟಿಹೋದವರಲ್ಲಿ ಹಲವರು ಭಾಷಣದ ಸ್ಥಳಕ್ಕೆ ಬಂದಾಗ ಕಳವಳಗೊಂಡಂತೆ ಕಂಡರಂತೆ. ಒಂದು ಕಡೆ ನರಳುವ ಮನುಷ್ಯ, ಇನ್ನೊಂದು ಕಡೆ ಕಾಯುತ್ತಿರುವ ಜನ. ಇಬ್ಬರಿಗೂ ಏಕಕಾಲಕ್ಕೆ ಸಲ್ಲಲು ಆಗದವನು ಮೊದಲು ಒಪ್ಪಿಕೊಂಡ ಕೆಲಸಕ್ಕೆ ಸಲ್ಲುತ್ತಾನೆ. ನಮ್ಮ ಮಕ್ಕಳ ಬೆಳಗು ಇದಕ್ಕಿಂತ ಬೇರೆಯಾಗಿದೆಯೇ? ಬನಶಂಕರಿಯಿಂದಲೋ ಯಲಹಂಕದಿಂದಲೋ ಹೊರಟ ಶಾಲಾ ವ್ಯಾನು ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿರುತ್ತದೆ. ಬಿಎಂಟಿಸಿ ಬಸ್ಸಿಳಿದ ಮಗು ಗೇಟು ಮುಚ್ಚುವುದರೊಳಗೆ ತಲುಪಬೇಕು. ತಲುಪಿದ ಮೇಲೆ ಒಂದರ ಹಿಂದೆ ಒಂದು ಪೀರಿಯಡ್, ಸಂಜೆ ಟ್ಯೂಷನ್. ಈ ನಡುವೆ ನಾಲ್ಕು ನಿಮಿಷ ನಿಲ್ಲಿಸಿ ದಯೆಯ ಭಾಷಣ ಕೇಳಿಸಿ, ಕೂಡಲೇ 'ಬೇಗ ಬೇಗ, ತರಗತಿಗೆ ಹೋಗಿ' ಎಂದು ಅಟ್ಟುತ್ತೇವೆ. ಭಾಷಣ ಬೇಡವೆಂದು ನಾನು ಹೇಳುವುದಿಲ್ಲ. ಅದರ ಜೊತೆಗೆ ಮಗುವಿಗೆ ಬಿಡುವೂ ಸಿಗಬೇಕು, ಭಾಷಣದಲ್ಲಿ ಸುಳ್ಳಿಲ್ಲದ ವಿಷಯವೂ ಇರಬೇಕು ಎಂಬುದು ನನ್ನ ಬೇಡಿಕೆ.

ವಿಷಯದ ಮಾತು ಮೊದಲು. ನಾವು ಬರೆದುಕೊಡುವ ಭಾಷಣಗಳಲ್ಲಿ ದಯೆ ಎಂದರೇನು ಎಂಬ ವಿವರಣೆ ಇರುತ್ತದೆ, ಮಹಾಪುರುಷರ ಹೆಸರುಗಳಿರುತ್ತವೆ, ಎಲ್ಲರೂ ದಯಾವಂತರಾಗೋಣ ಎಂಬ ಕರೆ ಇರುತ್ತದೆ. ಸಹಾಯದಿಂದ ಒಂದು ಬೀದಿ ಹೇಗೆ ಬದಲಾಗುತ್ತದೆ ಎಂಬ ವಿವರ ಮಾತ್ರ ಇರುವುದಿಲ್ಲ. ಮಗು ಕೇಳುವುದು ಅದನ್ನೇ. 'ಪೆನ್ಸಿಲ್ ಕೊಟ್ಟರೆ ಸಮಾಜ ಹೇಗೆ ಬದಲಾಗುತ್ತದೆ, ಮಿಸ್?' ಎಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕೇಳಿದ್ದಳು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡದ ಭಾಷಣವನ್ನು ಮಕ್ಕಳು ಬಿಸಿಲಿನಲ್ಲಿ ನಿಂತು ಏಕೆ ಕೇಳಬೇಕು?

ಆ ಪ್ರಶ್ನೆಗೆ ಉತ್ತರವಾಗಬಲ್ಲ ಒಂದು ಮಾದರಿಯನ್ನು ಕೆಳಗೆ ಬರೆದಿದ್ದೇನೆ. ನಿಧಾನವಾಗಿ ಓದಿದರೆ ನಾಲ್ಕೈದು ನಿಮಿಷ ಹಿಡಿಯುತ್ತದೆ. ಅದಕ್ಕಿಂತ ಉದ್ದವಾದರೆ ಹಿಂದಿನ ಸಾಲಿನ ಪುಟ್ಟ ಮಕ್ಕಳು ಕಾಲು ಬದಲಿಸಲು ತೊಡಗುತ್ತಾರೆ. ಯಾವ ಶಾಲೆಯಾದರೂ ಬಳಸಿಕೊಳ್ಳಬಹುದು, ಬದಲಿಸಿಕೊಳ್ಳಬಹುದು.

"ಗೌರವಾನ್ವಿತ ಮುಖ್ಯ ಶಿಕ್ಷಕರೇ, ಗುರುಗಳೇ, ಗೆಳೆಯ ಗೆಳತಿಯರೇ, ಎಲ್ಲರಿಗೂ ವಂದನೆಗಳು.

1995ರ ಜುಲೈ ತಿಂಗಳಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿ ಭಯಂಕರ ಬಿಸಿಲು ಬಂತು. ಉಷ್ಣಾಂಶ 41 ಡಿಗ್ರಿ ಮುಟ್ಟಿತು. ನಮ್ಮ ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39 ಡಿಗ್ರಿ ದಾಟಿದ್ದಕ್ಕೇ ನಮ್ಮ ಮನೆಯ ಹಿರಿಯರು ಇಂದಿಗೂ ಅದನ್ನು ನೆನೆಯುತ್ತಾರೆ. ಶಿಕಾಗೊದಲ್ಲಿ ಆ ಒಂದು ವಾರದಲ್ಲಿ ಸುಮಾರು 739 ಜನ ಸತ್ತರು. ಅವರಲ್ಲಿ ಬಹಳ ಮಂದಿ ಮನೆಯಲ್ಲಿ ಒಂಟಿಯಾಗಿದ್ದ ಅಜ್ಜ ಅಜ್ಜಿಯರು. ಕಿಟಕಿ ಬಾಗಿಲು ಮುಚ್ಚಿಕೊಂಡು ಒಳಗೇ ಇದ್ದರು. ಬಂದು ನೋಡುವವರು ಇರಲಿಲ್ಲ.

ಎರಿಕ್ ಕ್ಲಿನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು ಅಲ್ಲಿನ ಎರಡು ಬಡಾವಣೆಗಳನ್ನು ಹೋಲಿಸಿ ನೋಡಿದರು. ಒಂದರ ಪಕ್ಕ ಒಂದು. ಎರಡರಲ್ಲೂ ಬಡವರಿದ್ದರು, ಒಂಟಿ ವೃದ್ಧರಿದ್ದರು, ಬಿಸಿಲೂ ಒಂದೇ. ಆದರೆ ಉತ್ತರದ ಬಡಾವಣೆಯಲ್ಲಿ ಲಕ್ಷ ಜನರಿಗೆ 40 ಮಂದಿ ಸತ್ತರೆ, ದಕ್ಷಿಣದ ಬಡಾವಣೆಯಲ್ಲಿ 4 ಮಂದಿ. ಏಕೆ? ದಕ್ಷಿಣದ ಬೀದಿಗಳಲ್ಲಿ ಅಂಗಡಿಗಳಿದ್ದವು, ಓಡಾಡುವ ಜನರಿದ್ದರು. ಅಜ್ಜಿ ದಿನವೂ ಅಂಗಡಿಗೆ ಬರುತ್ತಿದ್ದರು, ಅಂಗಡಿಯವರಿಗೆ ಅಜ್ಜಿಯ ಮುಖ ಗೊತ್ತಿತ್ತು. ಸೆಖೆ ತಡೆಯಲಾಗದಾಗ ಅಜ್ಜಿ ಹೆದರದೆ ಮನೆಯಿಂದ ಹೊರಬಂದು ತಂಪಾದ ಅಂಗಡಿಯಲ್ಲಿ ಕೂರಬಹುದಿತ್ತು. ಉತ್ತರದ ಬೀದಿಗಳಲ್ಲಿ ಅಂಗಡಿಗಳು ಮುಚ್ಚಿಹೋಗಿದ್ದವು, ಮನೆಗಳು ಖಾಲಿಯಾಗಿದ್ದವು, ಹೊರಗೆ ಬರಲು ಭಯವಿತ್ತು.

ಗೆಳೆಯರೇ, 'ಚೆನ್ನಾಗಿದ್ದೀರಾ ಅಜ್ಜಿ' ಎಂದು ಒಂದು ಸಲ ಕೇಳಿದರೆ ಯಾರ ಜೀವವೂ ಉಳಿಯುವುದಿಲ್ಲ. ದಿನವೂ ಕೇಳಿದರೆ ಎರಡು ವಿಷಯಗಳು ಆಗುತ್ತವೆ. ಆ ಅಜ್ಜಿ ಎರಡು ದಿನ ಕಾಣದಿದ್ದರೆ ನಮಗೆ ಗೊತ್ತಾಗುತ್ತದೆ. ಕಷ್ಟ ಬಂದಾಗ ಯಾರ ಬಾಗಿಲು ತಟ್ಟಬಹುದು ಎಂದು ಅವರಿಗೂ ಗೊತ್ತಾಗುತ್ತದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ನಮ್ಮ ಬೆಳ್ಳಂದೂರು, ಯಮಲೂರಿನ ಕಡೆ ಮನೆಗಳಿಗೆ ನೀರು ನುಗ್ಗಿ ಜನರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಬೇಕಾಯಿತು. ಅಂಥ ದಿನ ಪಕ್ಕದ ಮನೆಯಲ್ಲಿ ನಡೆಯಲಾರದವರು ಇದ್ದಾರೆಯೇ ಎಂಬುದು ಗೊತ್ತಿರಬೇಕಲ್ಲವೇ? ಮಳೆ ಬಂದ ಮೇಲೆ ಪರಿಚಯ ಮಾಡಿಕೊಳ್ಳಲು ಆಗುವುದಿಲ್ಲ.

ಇಂದು ಸಂಜೆಯೊಳಗೆ ನಾವು ಒಂದು ಕೆಲಸ ಮಾಡೋಣ. ನಮ್ಮ ಮಹಡಿಯಲ್ಲೋ ಬೀದಿಯಲ್ಲೋ ನಾವು ದಿನವೂ ನೋಡುವ, ಆದರೆ ಹೆಸರು ಗೊತ್ತಿಲ್ಲದ ಒಬ್ಬರನ್ನು ನೆನಪು ಮಾಡಿಕೊಳ್ಳೋಣ. ಬೀದಿ ಗುಡಿಸುವ ಅಕ್ಕ ಇರಬಹುದು, ಕಾವಲುಗಾರ ಅಣ್ಣ ಇರಬಹುದು, ಕೆಳಮನೆಯ ತಾತ ಇರಬಹುದು. ಅಮ್ಮನೋ ಅಪ್ಪನೋ ಜೊತೆಯಲ್ಲಿರುವಾಗ ಅವರಿಗೆ ನಮಸ್ಕಾರ ಹೇಳಿ ಹೆಸರು ಕೇಳೋಣ. ನಾಳೆ ಆ ಹೆಸರಿನಿಂದಲೇ ಮಾತನಾಡಿಸೋಣ. ವಂದನೆಗಳು."

ಈ ಭಾಷಣದಲ್ಲಿ ನಾನು ಉದ್ದೇಶಪೂರ್ವಕವಾಗಿ ಮಾಡಿದ ಆಯ್ಕೆಗಳ ಬಗ್ಗೆ ಹೇಳಬೇಕು. ಶಿಕಾಗೊದ ಆ ದಕ್ಷಿಣ ಬಡಾವಣೆಯ ಜನ ಸ್ವಭಾವದಿಂದಲೇ ಒಳ್ಳೆಯವರು, ಉತ್ತರದವರು ಕಲ್ಲು ಹೃದಯದವರು ಎಂದು ಹೇಳಲು ಬಿಡಬಾರದು. ಹಾಗೆ ಹೇಳಿದರೆ ಅದು ಸುಳ್ಳಾಗುತ್ತದೆ, ಅನ್ಯಾಯವೂ ಆಗುತ್ತದೆ. ಉತ್ತರದಲ್ಲಿ ಕಾರ್ಖಾನೆಗಳು ಹೋಗಿದ್ದವು, ಅವುಗಳ ಹಿಂದೆ ಅಂಗಡಿಗಳೂ ಜನರೂ ಹೋಗಿದ್ದರು. ನಮಸ್ಕಾರ ಹೇಳುವ ಮನಸ್ಸಿದ್ದರೂ ಹೇಳಲು ಎದುರಿಗೆ ಯಾರೂ ಸಿಗದ ಬೀದಿ ಅದು. ದಯೆ ನಡೆಯಲು ಒಂದು ಜಾಗ ಬೇಕು ಎಂಬುದನ್ನು ನಾವು ದೊಡ್ಡವರು ಅಲ್ಲಿಂದ ಕಲಿಯಬೇಕು. ಬಸವನಗುಡಿ, ಮಲ್ಲೇಶ್ವರದ ಹಳೆಯ ವಠಾರಗಳಲ್ಲಿ ಆ ಜಾಗ ತಾನಾಗಿಯೇ ಇತ್ತು: ಎಲ್ಲರಿಗೂ ಸೇರಿದ ಅಂಗಳ, ಒಂದೇ ನಲ್ಲಿ, ಸಂಜೆ ಕೂರುವ ಜಗಲಿ. ಅಲ್ಲಿ ಜಗಳವೂ ಬೇಕಾದಷ್ಟಿತ್ತು, ಅದನ್ನು ಮರೆತು ವಠಾರವನ್ನು ಹೊಗಳುವವಳಲ್ಲ ನಾನು. ಆದರೆ ಒಬ್ಬರು ನಲ್ಲಿಯ ಹತ್ತಿರ ಬರಲಿಲ್ಲವೆಂದರೆ ಉಳಿದವರು ಬಾಗಿಲು ತಟ್ಟುತ್ತಿದ್ದರು. ಲಿಫ್ಟಿನಿಂದ ಇಳಿದು ನೇರವಾಗಿ ವ್ಯಾನು ಹತ್ತುವ ಇಂದಿನ ಮಗುವಿಗೆ ಅಂಥ ಜಾಗವನ್ನು ಯಾರಾದರೂ ಮಾಡಿಕೊಡಬೇಕು. ಶಾಲೆಯ ಗೇಟು ಅಂಥ ಜಾಗವಾಗಬಲ್ಲದು.

ಹೇಗೆಂದು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಾನು ಇದನ್ನು ಮಾಡಿ ನೋಡಿದ್ದೇನೆ. ಬೇಸಿಗೆ ಬಂತೆಂದರೆ ದಾರಿಹೋಕರಿಗೆ ನೀರಿಡುವ ಅರವಟ್ಟಿಗೆ ನಮ್ಮ ನಾಡಿಗೆ ಹೊಸತಲ್ಲ. ರಾಮನವಮಿಯ ದಿನ ಬೆಂಗಳೂರಿನ ಬೀದಿ ಬೀದಿಯಲ್ಲಿ ಪಾನಕ, ನೀರುಮಜ್ಜಿಗೆ, ಕೋಸಂಬರಿ ಹಂಚುವುದನ್ನು ಪ್ರತಿ ಮಗುವೂ ನೋಡಿರುತ್ತದೆ. ಒಂದು ತರಗತಿಗೆ ಶಾಲೆಯ ಗೇಟಿನ ಹೊರಗೆ ಒಂದು ಅರವಟ್ಟಿಗೆಯನ್ನು ಫೆಬ್ರವರಿಯಿಂದ ಪರೀಕ್ಷೆಯವರೆಗೆ ನಡೆಸುವ ಹೊಣೆ ಕೊಡಿ. ಬೇಕಾದ್ದು ಒಂದು ಮಣ್ಣಿನ ಹೂಜಿ ಅಥವಾ ನಲ್ಲಿ ಇರುವ ದೊಡ್ಡ ಮಡಕೆ, ಬಿಗಿಯಾದ ಮುಚ್ಚಳ, ಎರಡು ಸ್ಟೀಲ್ ಲೋಟ, ಇಡಲು ಒಂದು ಎತ್ತರದ ಕಟ್ಟೆ. ನಲ್ಲಿ ಇರುವ ಮಡಕೆ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಉದ್ದ ಹಿಡಿಯ ಸೌಟು ಬೇಕೇ ಬೇಕು, ಯಾರ ಕೈಯೂ ನೀರಿಗೆ ತಾಗಬಾರದು. ಶಾಲೆಯಲ್ಲಿ ಮಕ್ಕಳು ಕುಡಿಯುವ ನೀರನ್ನೇ ತುಂಬಿಸಬೇಕು. ಬೀದಿಯವರಿಗೆ ಎಂದು ಕಡಿಮೆ ದರ್ಜೆಯ ನೀರು ಇಡುವುದು ದಯೆಯಲ್ಲ.

ಕಷ್ಟ ಶುರುವಾಗುವುದು ಎರಡನೆಯ ವಾರದಿಂದ. ಮೊದಲ ದಿನ ಮಡಕೆಗೆ ಹೂವು ಮುಡಿಸಿ ಎಲ್ಲರೂ ಸುತ್ತ ನಿಲ್ಲುತ್ತಾರೆ. ಆಮೇಲೆ ಒಂದು ಸೋಮವಾರ ನೋಡಿದರೆ ಮಡಕೆ ಒಣಗಿರುತ್ತದೆ, ಲೋಟ ಕಾಣೆಯಾಗಿರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ನಿಂತ ನೀರು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ಶುದ್ಧ ನಿಂತ ನೀರಿನಲ್ಲೇ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು. ಹಾಗಾಗಿ ಪ್ರತಿ ಸಂಜೆ ಮಡಕೆ ಬರಿದು ಮಾಡಿ, ಉಳಿದ ನೀರನ್ನು ಗಿಡಕ್ಕೆ ಹಾಕಿ, ಶುಕ್ರವಾರ ಅಥವಾ ಶನಿವಾರ ತೆಂಗಿನ ನಾರಿನಿಂದ ಒಳಗೋಡೆಯನ್ನು ಉಜ್ಜಿ ತೊಳೆದು ಬೋರಲು ಹಾಕಿಯೇ ಮನೆಗೆ ಹೋಗಬೇಕು. ಮೊಟ್ಟೆಗಳು ಗೋಡೆಗೆ ಅಂಟಿಕೊಂಡಿರುತ್ತವೆ, ನೀರು ಚೆಲ್ಲಿದ ಮಾತ್ರಕ್ಕೆ ಹೋಗುವುದಿಲ್ಲ. ಇದನ್ನು ವಿಜ್ಞಾನದ ಶಿಕ್ಷಕರು ಒಂದು ಸಲ ತೋರಿಸಿಕೊಟ್ಟರೆ ಮಕ್ಕಳು ಮರೆಯುವುದಿಲ್ಲ. ಇಬ್ಬಿಬ್ಬರ ಜೋಡಿಗೆ ಒಂದೊಂದು ದಿನವೆಂದು ಪಾಳಿ ಬರೆದು ಹಾಕಿ. ಜೋಡಿಯಲ್ಲಿ ಒಬ್ಬರು ರಜೆಯಾದರೆ ಯಾರು ಎಂಬುದನ್ನೂ ಬರೆಯಿರಿ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟೆಲ್ಲ ಏರ್ಪಾಡೇ ಎಂದು ಕೇಳಬೇಡಿ. ಸಣ್ಣ ಉಪಕಾರ ಒಂದು ದಿನಕ್ಕೆ ನಿಂತುಹೋಗುವುದೂ ಒಂದು ಬೇಸಿಗೆ ಪೂರ್ತಿ ನಡೆಯುವುದೂ ಈ ಪಾಳಿಯ ಹಾಳೆಯ ಮೇಲೆಯೇ ನಿಂತಿರುತ್ತದೆ.

ಈ ಅರವಟ್ಟಿಗೆ ಸರಿಯಾಗಿ ನಡೆಯುತ್ತಿದೆಯೇ ಎಂದು ಎಷ್ಟು ನೀರು ಖಾಲಿಯಾಯಿತು ಎಂಬುದರಿಂದ ತಿಳಿಯಲಾಗದು. ಒಂದು ತಿಂಗಳಾದ ಮೇಲೆ ಮಕ್ಕಳನ್ನು ಕೇಳಿ: ಇಲ್ಲಿ ನೀರು ಕುಡಿಯುವವರಲ್ಲಿ ಯಾರ ಯಾರ ಹೆಸರು ನಿಮಗೆ ಗೊತ್ತು? ನಮ್ಮ ಮಕ್ಕಳಿಗೆ ಹೂವು ಮಾರುವ ಅಮ್ಮನ ಹೆಸರು, ಅವರ ಮಗಳು ಯಾವ ತರಗತಿ ಎಂಬುದು, ಆಟೊ ನಿಲ್ದಾಣದ ಇಬ್ಬರು ಚಾಲಕರ ಊರು ಗೊತ್ತಾಗಿತ್ತು. ಆಮೇಲೆ ನಾವು ಯಾರೂ ಹೇಳಿಕೊಡದೆ ನಡೆದದ್ದು ಇದು: ಸಂಜೆ ವ್ಯಾನು ತಡವಾದ ಪುಟ್ಟ ಮಕ್ಕಳ ಮೇಲೆ ಆ ಹೂವಿನ ಅಮ್ಮ ಒಂದು ಕಣ್ಣಿಡತೊಡಗಿದರು. ಗೇಟಿನ ಹತ್ತಿರ ವೇಗವಾಗಿ ಬರುವ ಬೈಕುಗಳನ್ನು ಆಟೊದವರು ಗದರಿಸತೊಡಗಿದರು. ಆ ಏಳನೆಯ ತರಗತಿಯ ಹುಡುಗಿ ಕೇಳಿದ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನ್ನಲ್ಲಿಲ್ಲ. ನೀರು ಬರಿಯ ನೆಪ. ಗೇಟಿನ ಒಳಗಿನವರಿಗೂ ಹೊರಗಿನವರಿಗೂ ನಡುವೆ ಪರಿಚಯ ಹುಟ್ಟಿತು, ಪರಿಚಯದಿಂದ ಪರಸ್ಪರ ಕಾಳಜಿ ಹುಟ್ಟಿತು.

ಕೆಲವು ಪಾಲಕರು ಇದಕ್ಕೆ ಆಕ್ಷೇಪ ಎತ್ತುತ್ತಾರೆ: ಅಪರಿಚಿತರೊಡನೆ ಮಾತನಾಡಬೇಡ ಎಂದು ನಾವು ಹೇಳಿಕೊಟ್ಟರೆ ನೀವು ಮಾತನಾಡು ಎನ್ನುತ್ತೀರಲ್ಲ? ಅವರ ಭಯ ನ್ಯಾಯವಾದದ್ದು, ಅದನ್ನು ತಳ್ಳಿಹಾಕಬಾರದು. ಅದಕ್ಕಾಗಿಯೇ ಜೋಡಿಯಾಗಿ, ಶಾಲೆಯ ಕಾವಲುಗಾರರ ಕಣ್ಣೆದುರಿನಲ್ಲಿ, ಗೇಟಿನ ಬಳಿಯಲ್ಲೇ. ಯಾರ ಜೊತೆಗೂ ಎಲ್ಲಿಗೂ ಹೋಗಬಾರದು, ತಮ್ಮ ವಿಳಾಸ, ಫೋನ್ ನಂಬರ್ ಹೇಳಬಾರದು ಎಂಬ ನಿಯಮ ಸ್ಪಷ್ಟವಾಗಿರಲಿ. ಮಾದರಿ ಭಾಷಣದಲ್ಲಿ ಅಮ್ಮನೋ ಅಪ್ಪನೋ ಜೊತೆಯಲ್ಲಿರುವಾಗ ಎಂದು ಸೇರಿಸಿದ್ದೂ ಇದಕ್ಕೇ.

ತರಗತಿಯ ಒಳಗೂ ಇದೇ ಬಗೆಯ ಬದಲಾವಣೆ ಸಾಧ್ಯ ಎಂಬುದಕ್ಕೆ ಕೆನಡಾದ ವ್ಯಾಂಕೂವರ್‌ನಲ್ಲಿ ನಡೆದ ಒಂದು ಅಧ್ಯಯನವಿದೆ. 2012ರಲ್ಲಿ ಪ್ರಕಟವಾಯಿತು. 9ರಿಂದ 11 ವರ್ಷದ ನಾಲ್ಕು ನೂರಕ್ಕೂ ಹೆಚ್ಚು ಮಕ್ಕಳಲ್ಲಿ ಕೆಲವರಿಗೆ ವಾರಕ್ಕೆ ಮೂರು ಉಪಕಾರ ಮಾಡಿ ಬರೆಯಲು, ಉಳಿದವರಿಗೆ ವಾರಕ್ಕೆ ಮೂರು ಜಾಗಗಳಿಗೆ ಹೋಗಿ ಬಂದು ಬರೆಯಲು ಹೇಳಿದರು. ನಾಲ್ಕು ವಾರ. ಮಕ್ಕಳು ಮಾಡಿದ್ದು ದೊಡ್ಡದೇನಲ್ಲ: ದಣಿದ ಅಮ್ಮನನ್ನು ತಬ್ಬಿಕೊಂಡದ್ದು, ಊಟದಲ್ಲಿ ಪಾಲು ಕೊಟ್ಟದ್ದು, ಮನೆ ಗುಡಿಸಿದ್ದು. ಕೊನೆಯಲ್ಲಿ ಎರಡೂ ಗುಂಪಿನ ಮಕ್ಕಳು ಮೊದಲಿಗಿಂತ ಸಂತೋಷವಾಗಿದ್ದರು. ಸಂತೋಷದಲ್ಲಿ ಉಪಕಾರದವರಿಗೆ ಹೆಚ್ಚುಗಾರಿಕೆ ಸಿಗಲಿಲ್ಲ. ಆದರೆ ಯಾರ ಜೊತೆ ಸೇರಿ ಕೆಲಸ ಮಾಡಲು ನಿಮಗೆ ಇಷ್ಟ ಎಂದು ತರಗತಿಯ ಹೆಸರಿನ ಪಟ್ಟಿಯಲ್ಲಿ ಗುರುತು ಹಾಕಿಸಿದಾಗ, ಉಪಕಾರ ಮಾಡಿದ ಮಕ್ಕಳ ಹೆಸರನ್ನು ಆರಿಸಿದವರ ಸಂಖ್ಯೆ ಹೆಚ್ಚು ಏರಿತ್ತು. ಉಪಕಾರವನ್ನು ಸಹಪಾಠಿಗಳಿಗೇ ಮಾಡಬೇಕೆಂದು ಯಾರೂ ಹೇಳಿರಲಿಲ್ಲ ಎಂಬುದನ್ನು ಗಮನಿಸಿ. ಯಾರೂ ಜೊತೆಗೆ ಕೂರಿಸಿಕೊಳ್ಳದ ಮಗು ಪ್ರತಿ ತರಗತಿಯಲ್ಲೂ ಒಂದಾದರೂ ಇರುತ್ತದೆ. ಅಂಥ ಮಗುವನ್ನು ನೋಡಿ ಸಂಕಟಪಟ್ಟ ಶಿಕ್ಷಕರಿಗೆ ಈ ಫಲಿತಾಂಶ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ನಾಲ್ಕು ವಾರದ ಆಚೆಗೆ ಅದು ಎಷ್ಟು ಉಳಿಯುತ್ತದೆ ಎಂಬುದನ್ನು ಆ ಅಧ್ಯಯನ ಹೇಳುವುದಿಲ್ಲ. ಹಾಗಾಗಿ ಒಂದು ವಾರದ ಉತ್ಸವ ಮಾಡಿ ಮುಗಿಸಬೇಡಿ.

ಬಹುಮಾನದ ವಿಷಯದಲ್ಲಿ ನಾನು ನಿಷ್ಠುರವಾಗಿಯೇ ಹೇಳುತ್ತೇನೆ. 'ತಿಂಗಳ ದಯಾವಂತ ವಿದ್ಯಾರ್ಥಿ' ಎಂಬ ಫಲಕ, ಉಪಕಾರಕ್ಕೊಂದು ನಕ್ಷತ್ರ ಅಂಟಿಸುವ ಪಟ್ಟಿ, ಕೊನೆಗೆ ಒಂದು ಪೆನ್ ಸೆಟ್ಟು: ಇವುಗಳನ್ನು ನಿಲ್ಲಿಸಿ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ ಎಂಬ ಮನಶ್ಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ತಿಂಗಳ ಕೂಸುಗಳು, ಕೈಗೆಟುಕದ ವಸ್ತುವಿಗಾಗಿ ಚಾಚುತ್ತಿದ್ದ ದೊಡ್ಡವರಿಗೆ ಅದನ್ನು ಎತ್ತಿಕೊಟ್ಟವು. ಕೆಲವು ಮಕ್ಕಳಿಗೆ ಪ್ರತಿ ಸಲ ಆಟದ ವಸ್ತುವನ್ನು ಬಹುಮಾನವಾಗಿ ಕೊಟ್ಟರು, ಕೆಲವರಿಗೆ ಮೆಚ್ಚುಗೆಯ ಮಾತು, ಕೆಲವರಿಗೆ ಏನೂ ಇಲ್ಲ. ಮುಂದಿನ ಹಂತದಲ್ಲಿ ಬಹುಮಾನ ನಿಂತಾಗ, ಅದನ್ನು ಪಡೆದಿದ್ದ ಮಕ್ಕಳು ಉಳಿದವರಿಗಿಂತ ಕಡಿಮೆ ಸಹಾಯ ಮಾಡಿದರು. ಮೆಚ್ಚುಗೆಯ ಮಾತಿನಿಂದ ಅಂಥ ಹಾನಿ ಕಾಣಲಿಲ್ಲ. ಹಾಗಾಗಿ 'ಚೆನ್ನಾಗಿ ಮಾಡಿದೆಯಮ್ಮಾ' ಎಂದು ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿ. ಅಷ್ಟು ಸಾಕು.

ಬಹುಮಾನಕ್ಕಿಂತ ನೋವು ಕೊಡುವುದು ವೇದಿಕೆ. ನೋಟ್‌ಪುಸ್ತಕ, ಸ್ವೆಟರ್ ಕೊಡುವಾಗ ಪಡೆಯುವ ಮಗುವನ್ನು ಇಡೀ ಶಾಲೆಯ ಎದುರು ನಿಲ್ಲಿಸಿ, ಕೊಡುವವರ ಕೈ ಕ್ಯಾಮೆರಾಗೆ ಕಾಣುವಂತೆ ಫೋಟೊ ತೆಗೆಸುವುದನ್ನು ಕಣ್ಣಾರೆ ನೋಡಿದ್ದೇನೆ. ಆ ಮಗು ತಲೆಯೆತ್ತಿರಲಿಲ್ಲ. ಮರುದಿನದಿಂದ ಸಹಪಾಠಿಗಳ ಕಣ್ಣಲ್ಲಿ ಅವನು ದಾನ ಪಡೆದವನು. ಸಮುದಾಯ ಕಟ್ಟುವ ಹೆಸರಿನಲ್ಲಿ ಅದರೊಳಗೆ ಗೆರೆ ಎಳೆಯುವ ಕೆಲಸ ಇದು. ಕೊಡಲೇಬೇಕಾದರೆ ಶಾಲಾ ಕಚೇರಿಯಲ್ಲಿ, ಪಾಲಕರ ಕೈಗೆ, ಹೆಸರಿಲ್ಲದೆ ಕೊಡಬಹುದು. ಸಾಧ್ಯವಾದಲ್ಲೆಲ್ಲ ಆ ಮಗುವೂ ಇನ್ನೊಬ್ಬರಿಗೆ ಏನಾದರೂ ಮಾಡುವ ಅವಕಾಶ ಇರಲಿ. ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿ ಇತ್ತಲ್ಲ, ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅಲ್ಲಿ ಯಾರೂ ದಾನಿಯಲ್ಲ, ಯಾರೂ ಬೇಡುವವರಲ್ಲ. ಅರವಟ್ಟಿಗೆಯ ಪಾಳಿಯಲ್ಲಿ ಎಲ್ಲ ಮಕ್ಕಳ ಹೆಸರೂ ಇರಬೇಕು ಎಂದು ನಾನು ಹಟ ಹಿಡಿಯುತ್ತಿದ್ದುದು ಈ ಕಾರಣಕ್ಕೆ.

ಇನ್ನು ಬಿಡುವಿನ ಮಾತು. ಇದು ನಿಮ್ಮ ಅಧಿಕಾರದಲ್ಲೇ ಇದೆ, ಯಾವ ಇಲಾಖೆಯ ಆದೇಶಕ್ಕೂ ಕಾಯಬೇಕಾಗಿಲ್ಲ. ಗೇಟು ಮುಚ್ಚಿದ ಮೇಲೆ ಬಂದ ಮಕ್ಕಳನ್ನು ಸಾಲಾಗಿ ಹೊರಗೆ ನಿಲ್ಲಿಸುವ, ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆಯುವ ರೂಢಿ ಬಹಳ ಶಾಲೆಗಳಲ್ಲಿದೆ. ಪ್ರಿನ್ಸ್‌ಟನ್‌ನಲ್ಲಿ 'ತಡವಾಯಿತು' ಎಂದ ಆ ಒಂದು ಮಾತು ಮಾಡಿದ ಕೆಲಸವನ್ನು ನಮ್ಮ ಗೇಟು ಪ್ರತಿ ಬೆಳಗ್ಗೆ ಮಾಡುತ್ತಿದೆ. ಬಸ್ಸಿನಲ್ಲಿ ತಲೆ ಸುತ್ತಿ ಕುಳಿತ ಅಜ್ಜಿಯನ್ನು ಕೈಹಿಡಿದು ನಿಲ್ದಾಣದ ಬೆಂಚಿನವರೆಗೆ ಕರೆತಂದ ಹುಡುಗನೂ, ಹಾಸಿಗೆಯಿಂದ ತಡವಾಗಿ ಎದ್ದ ಹುಡುಗನೂ ಆ ಸಾಲಿನಲ್ಲಿ ಒಂದೇ. ಎರಡು ಸಲ ಹಾಗೆ ನಿಂತ ಮಗು ಮೂರನೆಯ ಸಲ ಅಜ್ಜಿಯ ಕಡೆ ನೋಡುವುದಿಲ್ಲ. ನಾವೇ ಅದಕ್ಕೆ ಅದನ್ನು ಕಲಿಸಿರುತ್ತೇವೆ.

ತಡವಾಗಿ ಬಂದವರ ಪುಸ್ತಕದಲ್ಲಿ ಕಾರಣಕ್ಕೆ ಒಂದು ಅಂಕಣ ಸೇರಿಸಿ. ಶಿಕ್ಷೆಗೆ ಮುನ್ನ ಒಬ್ಬ ಶಿಕ್ಷಕರು ಮಗುವನ್ನು ಕೇಳಲಿ. ಮಕ್ಕಳು ಸುಳ್ಳು ಹೇಳುತ್ತಾರೆ ಎಂದು ನೀವು ಹೇಳಬಹುದು. ಕೆಲವರು ಹೇಳುತ್ತಾರೆ, ನಿಜ. ಯಾರಿಗೆ ಏನಾಯಿತು, ಎಲ್ಲಿ, ಆಮೇಲೆ ಅವರು ಹೇಗೆ ಹೋದರು ಎಂದು ಕೇಳಿದರೆ ಅನುಭವವಿರುವ ಶಿಕ್ಷಕರಿಗೆ ಸುಳ್ಳು ತಿಳಿಯುತ್ತದೆ. ತಿಳಿಯದೆ ಒಂದೆರಡು ದಾಟಿಹೋದರೂ ನಷ್ಟವೇನು? ನಿಜವಾಗಿ ನಿಂತ ಒಂದು ಮಗುವಿಗೆ ಶಿಕ್ಷೆ ಕೊಡುವುದರಿಂದ ಆಗುವ ನಷ್ಟಕ್ಕಿಂತ ಅದು ಕಡಿಮೆ. ಹಾಗೆಯೇ ಅರವಟ್ಟಿಗೆಯ ಪಾಳಿಯ ಮಕ್ಕಳಿಗೆ ಸಂಜೆಯ ಕೊನೆಯ ಪೀರಿಯಡ್‌ನಿಂದ ಹತ್ತು ನಿಮಿಷ ಬಿಡುವು ಕೊಡಿ, ಆಟದ ಪೀರಿಯಡ್‌ನಿಂದ ಕಿತ್ತುಕೊಳ್ಳಬೇಡಿ.

ಈ ವರ್ಷ ನವೆಂಬರ್ ಸಭೆಯಲ್ಲಿ ಮಗು ಮಾತನಾಡುವ ಮೊದಲು ಆ ಅಂಕಣ ನಿಮ್ಮ ಪುಸ್ತಕದಲ್ಲಿ ಇರಲಿ ಎಂದು ಕೇಳಿಕೊಳ್ಳುತ್ತೇನೆ. ಭಾಷಣದ ಕೊನೆಯಲ್ಲಿ ನೀವೇ ಮೈಕಿನ ಮುಂದೆ ಬಂದು, ಇನ್ನು ಮುಂದೆ ದಾರಿಯಲ್ಲಿ ಯಾರಿಗಾದರೂ ನೆರವಾಗಲು ನಿಂತು ತಡವಾದರೆ ಗೇಟಿನಲ್ಲಿ ಕಾರಣ ಹೇಳಿ, ನಾವು ಕೇಳುತ್ತೇವೆ ಎಂದು ಮಕ್ಕಳಿಗೆ ತಿಳಿಸಿ. ಅಂದೇ ಗೇಟಿನ ಕಾವಲುಗಾರರಿಗೂ ಅದನ್ನು ಹೇಳಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಶಿಕ್ಷಕಿ
ಬೆಂಗಳೂರು